ಇಲ್ಲದ ತೀರ್ಪು, ಇರುವ ನ್ಯಾಯಾಧೀಶರು

2019ರ ಆಗಸ್ಟ್ ತಿಂಗಳಲ್ಲಿ ರಾಬರ್ಟೊ ಮಾಟಾ ಎಂಬವರು ಏವಿಯಾಂಕಾ ಕಂಪನಿಯ ವಿಮಾನದಲ್ಲಿ ಎಲ್ ಸಾಲ್ವಡಾರ್‌ನಿಂದ ನ್ಯೂಯಾರ್ಕಿಗೆ ಹೊರಟಿದ್ದರು. ಊಟ ತಿಂಡಿ ಹಂಚುವ ಲೋಹದ ಗಾಡಿ ಬಡಿದು ಮೊಣಕಾಲಿಗೆ ಪೆಟ್ಟಾಯಿತೆಂದು ಮುಂದೆ ಅವರು ಕಂಪನಿಯ ಮೇಲೆ ದಾವೆ ಹೂಡಿದರು. ಅಂತರರಾಷ್ಟ್ರೀಯ ವಿಮಾನಯಾನ ಒಪ್ಪಂದದ ಪ್ರಕಾರ ಇಂಥ ದಾವೆಗೆ ಎರಡು ವರ್ಷದ ಗಡುವಿದೆ, ಅದು ಮೀರಿದೆ, ಆದ್ದರಿಂದ ವಜಾ ಮಾಡಿ ಎಂದಿತು ಕಂಪನಿ. ಮಾಟಾ ಪರ ವಕೀಲರು 2023ರ ಮಾರ್ಚ್ 1ರಂದು ಇದಕ್ಕೆ ಉತ್ತರ ಸಲ್ಲಿಸಿದರು. ಗಡುವು ಮೀರಿಲ್ಲ ಎನ್ನುವುದಕ್ಕೆ ಹಳೆಯ ತೀರ್ಪುಗಳನ್ನು ಆಧಾರವಾಗಿ ಕೊಟ್ಟಿದ್ದರು. ಅವುಗಳಲ್ಲಿ ಒಂದು, 'ವರ್ಗೀಸ್ ವಿರುದ್ಧ ಚೈನಾ ಸದರ್ನ್ ಏರ್‌ಲೈನ್ಸ್'.

ಎದುರು ಪಕ್ಷದ ವಕೀಲರು ಎಷ್ಟು ಹುಡುಕಿದರೂ ಆ ತೀರ್ಪು ಸಿಗಲಿಲ್ಲ. ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ ಅವರಿಗೂ ಸಿಗಲಿಲ್ಲ. ಪ್ರತಿ ತಂದುಕೊಡಿ ಎಂದು ಆದೇಶಿಸಿದರು. ವಕೀಲರು ಪ್ರತಿಯನ್ನೂ ಸಲ್ಲಿಸಿದರು! ಅದರಲ್ಲಿ ನ್ಯಾಯಾಲಯದ ಹೆಸರಿತ್ತು, ತೀರ್ಪು ಕೊಟ್ಟ ನ್ಯಾಯಾಧೀಶರ ಹೆಸರುಗಳಿದ್ದವು, ಒಳಗೆ ಬೇರೆ ತೀರ್ಪುಗಳ ಉಲ್ಲೇಖವೂ ಇತ್ತು. ನ್ಯಾಯಾಧೀಶರು ನಿಜವಾಗಿ ಇರುವವರೇ. ತೀರ್ಪು ಮಾತ್ರ ಯಾವತ್ತೂ ಹುಟ್ಟಿದ್ದೇ ಇಲ್ಲ. ಮೂವತ್ತು ವರ್ಷ ವಕಾಲತ್ತು ಮಾಡಿದ್ದ ಸ್ಟೀವನ್ ಶ್ವಾರ್ಟ್ಜ್ ಅದನ್ನು ಚಾಟ್‌ಜಿಪಿಟಿಯಿಂದ ಪಡೆದಿದ್ದರು. ಅದೊಂದು ಭಾರೀ ಸರ್ಚ್ ಎಂಜಿನ್ ಎಂದುಕೊಂಡಿದ್ದೆ ಎಂದು ಅವರು ಆಮೇಲೆ ನ್ಯಾಯಾಲಯದಲ್ಲಿ ಹೇಳಿಕೊಂಡರು.

ಸರ್ಚ್ ಎಂಜಿನ್ ಎಂಬ ಆ ತಿಳುವಳಿಕೆಯಲ್ಲೇ ಎಡವಟ್ಟು ಇರುವುದು. ಚಾಟ್‌ಜಿಪಿಟಿ, ಜೆಮಿನಿ ಮುಂತಾದವುಗಳ ಹಿಂದೆ ಕೆಲಸ ಮಾಡುವ ಯಂತ್ರಕ್ಕೆ ಲಾರ್ಜ್ ಲ್ಯಾಂಗ್ವೇಜ್ ಮಾಡೆಲ್, ಅಂದರೆ ಬೃಹತ್ ಭಾಷಾ ಮಾದರಿ ಎನ್ನುತ್ತಾರೆ. ಅದು ಹುಡುಕುವ ಯಂತ್ರವಲ್ಲ, ಬರೆಯುವ ಯಂತ್ರ. ಈ ವ್ಯತ್ಯಾಸ ಸ್ಪಷ್ಟವಾದರೆ ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎನ್ನುವುದನ್ನು ನಾವೇ ಲೆಕ್ಕ ಹಾಕಬಹುದು.

ಮುಂದೆ ಏನು ಬರಬಹುದು?

ಈ ವಾಕ್ಯವನ್ನು ನೋಡಿ: 'ಹಲ್ಮಿಡಿ ಶಾಸನ ಸಿಕ್ಕಿದ್ದು ಹಾಸನ ಜಿಲ್ಲೆಯ ಬೇಲೂರು...' ಮುಂದಿನ ಪದ ಯಾವುದು? ಕನ್ನಡ ಓದುವ ಯಾರಾದರೂ 'ತಾಲ್ಲೂಕಿನಲ್ಲಿ' ಎನ್ನುತ್ತಾರೆ. 'ಬಳಿ', 'ಸಮೀಪ' ಎಂದೂ ಹೇಳಬಹುದು. 'ಬದನೆಕಾಯಿ' ಎಂದು ಯಾರೂ ಹೇಳುವುದಿಲ್ಲ. ಭಾಷಾ ಮಾದರಿ ಮಾಡುವುದು ಇಷ್ಟೇ ಕೆಲಸವನ್ನು. ಅದುವರೆಗಿನ ಬರಹವನ್ನು ತೆಗೆದುಕೊಂಡು, ಮುಂದೆ ಬರಬಹುದಾದ ಪ್ರತಿಯೊಂದಕ್ಕೂ ಇಷ್ಟಿಷ್ಟು ಸಾಧ್ಯತೆ ಎಂದು ಅಂಕಿ ಕೊಡುತ್ತದೆ. ನಮ್ಮ ಉದಾಹರಣೆಯಲ್ಲಿ 'ತಾಲ್ಲೂಕಿನಲ್ಲಿ'ಗೆ ನೂರಕ್ಕೆ ಎಂಬತ್ತು, 'ಬಳಿ'ಗೆ ಹತ್ತು, 'ಬದನೆಕಾಯಿ'ಗೆ ಸೊನ್ನೆಗೆ ಹತ್ತಿರ ಎಂದಿಟ್ಟುಕೊಳ್ಳೋಣ. ಹೆಚ್ಚು ಸಾಧ್ಯತೆ ಇರುವವುಗಳಲ್ಲಿ ಒಂದನ್ನು ಆರಿಸಿ ವಾಕ್ಯಕ್ಕೆ ಸೇರಿಸುತ್ತದೆ. ಈಗ ವಾಕ್ಯ ಒಂದು ಪದ ಬೆಳೆಯಿತು. ಬೆಳೆದ ವಾಕ್ಯವನ್ನು ಮತ್ತೆ ಮೊದಲಿಂದ ತೆಗೆದುಕೊಂಡು ಮುಂದಿನದಕ್ಕೆ ಲೆಕ್ಕ ಹಾಕುತ್ತದೆ. ಪುಟಗಟ್ಟಲೆ ಉತ್ತರ ಹೊರಬರುವುದು ಹೀಗೆ, ಒಂದೊಂದೇ ಪದ ಸೇರುತ್ತಾ.

ಪ್ರತಿ ಸಲವೂ ಅತಿ ಹೆಚ್ಚು ಸಾಧ್ಯತೆಯ ಪದವನ್ನೇ ಆರಿಸಿದರೆ ಬರಹ ಸಪ್ಪೆಯಾಗುತ್ತದೆ. ಆದ್ದರಿಂದ ಆಯ್ಕೆಯಲ್ಲಿ ಸ್ವಲ್ಪ ಅದೃಷ್ಟದಾಟಕ್ಕೂ ಅವಕಾಶ ಕೊಟ್ಟಿರುತ್ತಾರೆ. ಒಂದೇ ಪ್ರಶ್ನೆಗೆ ಎರಡು ಸಲ ಎರಡು ಬಗೆಯ ಉತ್ತರ ಬರುವುದು ಇದರಿಂದಲೇ.

ಆ ಸಾಧ್ಯತೆಯ ಅಂಕಿಗಳು ಎಲ್ಲಿಂದ ಬರುತ್ತವೆ? ತರಬೇತಿಯಿಂದ. ಪುಸ್ತಕ, ಪತ್ರಿಕೆ, ವಿಕಿಪೀಡಿಯ, ಜಾಲತಾಣಗಳಿಂದ ತಂದ ಅಗಾಧ ಬರಹವನ್ನು ಯಂತ್ರಕ್ಕೆ ಉಣಿಸುತ್ತಾರೆ. ವಾಕ್ಯದ ಒಂದಷ್ಟು ಭಾಗ ತೋರಿಸಿ, ಮುಂದಿನದನ್ನು ಮುಚ್ಚಿಟ್ಟು, ಊಹಿಸು ಎನ್ನುತ್ತಾರೆ. ಶುರುವಿನಲ್ಲಿ ಊಹೆಯೆಲ್ಲ ಅಡ್ಡಾದಿಡ್ಡಿ. ಮುಚ್ಚಿಟ್ಟ ಪದದೊಂದಿಗೆ ಹೋಲಿಸಿದಾಗ ಎಷ್ಟು ತಪ್ಪಾಯಿತು ಎಂಬ ಅಳತೆ ಸಿಗುತ್ತದೆ. ಯಂತ್ರದೊಳಗೆ ಪ್ಯಾರಾಮೀಟರ್ ಎಂದು ಕರೆಯುವ ಸಂಖ್ಯೆಗಳಿವೆ. ಸರಿಯಾದ ಪದಕ್ಕೆ ಮುಂದಿನ ಸಲ ಹೆಚ್ಚು ಸಾಧ್ಯತೆ ಸಿಗುವಂತೆ ಆ ಸಂಖ್ಯೆಗಳನ್ನೆಲ್ಲ ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾರೆ. ಮತ್ತೆ ಹೊಸ ವಾಕ್ಯ, ಮತ್ತೆ ಊಹೆ, ಮತ್ತೆ ತಿದ್ದುಪಡಿ. 2020ರಲ್ಲಿ ಬಂದ ಜಿಪಿಟಿ-3 ಎಂಬ ಮಾದರಿಯಲ್ಲಿ ಇಂಥ 17,500 ಕೋಟಿ ಸಂಖ್ಯೆಗಳಿದ್ದವು.

ಈಗ ಮುಖ್ಯವಾದ ಸಂಗತಿ. ತರಬೇತಿ ಮುಗಿದ ಮೇಲೆ ಯಂತ್ರದಲ್ಲಿ ಉಳಿಯುವುದು ಆ ಸಂಖ್ಯೆಗಳು ಮಾತ್ರ. ಓದಿದ ಪುಸ್ತಕಗಳು ಒಳಗೆ ಸಾಲಾಗಿ ಜೋಡಿಸಿಟ್ಟಿಲ್ಲ. ಪದೇ ಪದೇ ಎದುರಾದ ಕೆಲವು ಸಾಲುಗಳು ಬಾಯಿಪಾಠವಾದ ಹಾಗೆ ಉಳಿಯುವುದುಂಟು. ಉಳಿದದ್ದೆಲ್ಲ ಯಾವುದರ ಜೊತೆ ಯಾವುದು ಬರುತ್ತದೆ, ಎಂಥ ಮಾತಿನ ನಂತರ ಎಂಥ ಮಾತು ಹೊಂದುತ್ತದೆ ಎಂಬ ಜಾಡಾಗಿ ಕರಗಿಹೋಗಿರುತ್ತದೆ. ಹಾಗಾಗಿ ಪ್ರಶ್ನೆ ಕೇಳಿದಾಗ ಅದು ಯಾವ ಕಡತವನ್ನೂ ತೆರೆದು ನೋಡುವುದಿಲ್ಲ. ಆ ಜಾಡು ಹಿಡಿದು ಹೊಸದಾಗಿ ಬರೆಯುತ್ತದೆ.

ಬರೀ ಇಷ್ಟೇ ತರಬೇತಿಯಾದ ಮಾದರಿಗೆ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಬದಲು ಇನ್ನೂ ನಾಲ್ಕು ಪ್ರಶ್ನೆ ಬರೆದರೂ ಬರೆಯಬಹುದು, ಪ್ರಶ್ನೆಪತ್ರಿಕೆಯಲ್ಲಿ ಪ್ರಶ್ನೆಯ ನಂತರ ಪ್ರಶ್ನೆಯೇ ತಾನೆ ಬರುವುದು. ಅದಕ್ಕಾಗಿ ಎರಡನೆಯ ಹಂತದ ತರಬೇತಿ ಕೊಡುತ್ತಾರೆ. ಒಳ್ಳೆಯ ಪ್ರಶ್ನೋತ್ತರಗಳ ಮಾದರಿ ತೋರಿಸುತ್ತಾರೆ. ಆಮೇಲೆ ಒಂದೇ ಪ್ರಶ್ನೆಗೆ ಯಂತ್ರ ಕೊಟ್ಟ ಹಲವು ಉತ್ತರಗಳನ್ನು ಮನುಷ್ಯರ ಮುಂದಿಟ್ಟು, ಯಾವುದು ಮೇಲು ಎಂದು ಹೇಳಿಸಿ, ಅಂಥವೇ ಹೆಚ್ಚು ಬರುವಂತೆ ಸಂಖ್ಯೆಗಳನ್ನು ಮತ್ತೆ ತಿದ್ದುತ್ತಾರೆ. 2022ರ ನವೆಂಬರ್ 30ರಂದು ಬಿಡುಗಡೆಯಾದ ಚಾಟ್‌ಜಿಪಿಟಿ ವಿನಯದಿಂದ, ಸರಾಗವಾಗಿ ಉತ್ತರ ಕೊಡುತ್ತಿದ್ದುದಕ್ಕೆ ಈ ಎರಡನೆಯ ಹಂತ ಕಾರಣ. ಆದರೆ ಕೆಳಗಿನ ಯಂತ್ರ ಬದಲಾಗಲಿಲ್ಲ. ಅದು ಈಗಲೂ ಮುಂದಿನ ಪದವನ್ನೇ ಬರೆಯುತ್ತದೆ.

ಸಂಭವನೀಯ ಮತ್ತು ಸತ್ಯ

ಹಾಗಿದ್ದರೆ ಅದು ಹೇಳುವುದು ಬಹಳಷ್ಟು ಸಲ ಸರಿಯಾಗಿಯೇ ಇರುತ್ತದಲ್ಲ, ಹೇಗೆ? ಹಲ್ಮಿಡಿಯ ಬಗ್ಗೆ ನೂರಾರು ಕಡೆ ಬರೆದಿದ್ದಾರೆ. ಬರೆದವರೆಲ್ಲ ಬೇಲೂರು ತಾಲ್ಲೂಕು ಎಂದೇ ಬರೆದಿದ್ದಾರೆ. ಹಾಗಾಗಿ ಮುಂದೆ ಬರಲು ಅತಿ ಹೆಚ್ಚು ಸಾಧ್ಯತೆ ಇರುವ ಪದ ಸತ್ಯವೂ ಆಗಿರುತ್ತದೆ. ಎರಡೂ ಒಂದೇ ಕಡೆ ಬಂದು ಕೂಡಿದಾಗ ಯಂತ್ರಕ್ಕೆ ಎಲ್ಲವೂ ಗೊತ್ತು ಅನಿಸುತ್ತದೆ.

ಈಗ ವಾಕ್ಯ ಬದಲಿಸೋಣ. 'ನಮ್ಮೂರಿನ ಈಶ್ವರ ದೇವಸ್ಥಾನದ ಎದುರಿಗಿರುವ ವೀರಗಲ್ಲು...' ಎಂದು ನಿಮ್ಮೂರಿನ ಹೆಸರು ಸೇರಿಸಿ, ಯಾರ ಕಾಲದ್ದು ಎಂದು ಕೇಳಿ. ಆ ಕಲ್ಲಿನ ಬಗ್ಗೆ ಯಾರೂ ಎಲ್ಲೂ ಬರೆದಿಲ್ಲ ಎಂದಿಟ್ಟುಕೊಳ್ಳಿ. ಯಂತ್ರಕ್ಕೆ ಆ ಕಲ್ಲು ಗೊತ್ತಿಲ್ಲ. ಆದರೆ ವೀರಗಲ್ಲುಗಳ ಬಗ್ಗೆ ಬರೆಯುವ ಧಾಟಿ ಚೆನ್ನಾಗಿ ಗೊತ್ತು. ಹೊಯ್ಸಳ, ಚಾಲುಕ್ಯ, ವಿಜಯನಗರ ಎಂಬ ಹೆಸರುಗಳಿಗೆಲ್ಲ ಅಷ್ಟಷ್ಟು ಸಾಧ್ಯತೆ ಹಂಚಿಹೋಗುತ್ತದೆ. ಯಾವುದೂ ಎದ್ದು ಕಾಣುವುದಿಲ್ಲ. ಆದರೂ ಒಂದನ್ನು ಆರಿಸಲೇಬೇಕು. 'ಹೊಯ್ಸಳರ ಕಾಲದ್ದು' ಎಂದು ಒಮ್ಮೆ ಬರೆದುಬಿಟ್ಟರೆ ಮುಗಿಯಿತು. ಮುಂದಿನ ಪದಗಳೆಲ್ಲ ಅದಕ್ಕೆ ಹೊಂದಿಕೊಂಡೇ ಬರುತ್ತವೆ. ಹನ್ನೆರಡನೆಯ ಶತಮಾನ, ತುರುಗಾಳಗ, ಮಡಿದ ವೀರನ ಹೆಸರು, ಶಕವರ್ಷ, ಕೊನೆಗೆ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟ ಮತ್ತು ಶಾಸನ ಸಂಖ್ಯೆ ಕೂಡ. ಓದುವವರಿಗೆ ಹಲ್ಮಿಡಿಯ ಉತ್ತರಕ್ಕೂ ಇದಕ್ಕೂ ಧಾಟಿಯಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಇತ್ತೀಚಿನ ಮಾದರಿಗಳು ಇಂಥ ಕಡೆ ಹಲವು ಸಲ 'ಖಚಿತ ಮಾಹಿತಿ ಇಲ್ಲ' ಎನ್ನುತ್ತವೆ, ಹಾಗೆ ಹೇಳಲು ತರಬೇತಿ ಕೊಟ್ಟಿರುತ್ತಾರೆ. ಆದರೆ ಯಾವಾಗ ಹೇಳುತ್ತದೆ, ಯಾವಾಗ ಹೇಳುವುದಿಲ್ಲ ಎಂಬ ಭರವಸೆ ಇಲ್ಲ.

ನ್ಯೂಯಾರ್ಕಿನ ಪ್ರಕರಣದಲ್ಲಿ ಆದದ್ದೂ ಇದೇ. ಅಮೆರಿಕದ ತೀರ್ಪುಗಳನ್ನು ಉಲ್ಲೇಖಿಸುವುದಕ್ಕೆ ಒಂದು ಕಟ್ಟುನಿಟ್ಟಿನ ಅಚ್ಚು ಇದೆ. ಒಬ್ಬರ ಹೆಸರು, ವಿರುದ್ಧ, ಇನ್ನೊಬ್ಬರ ಹೆಸರು, ಸಂಪುಟ, ವರದಿಮಾಲೆ, ಪುಟ, ನ್ಯಾಯಾಲಯ, ವರ್ಷ. ಲಕ್ಷಾಂತರ ತೀರ್ಪುಗಳಲ್ಲಿ ಇದೇ ಅಚ್ಚು ಮರಳಿ ಮರಳಿ ಬರುವುದರಿಂದ ಯಂತ್ರ ಅದನ್ನು ಪಕ್ಕಾ ಕಲಿತಿರುತ್ತದೆ. ಆದರೆ ಯಾವ ತೀರ್ಪು ಯಾವ ಸಂಪುಟದ ಎಷ್ಟನೆಯ ಪುಟದಲ್ಲಿದೆ ಎಂಬುದಕ್ಕೆ ಯಾವ ಜಾಡೂ ಇಲ್ಲ. ಅದು ಬರೀ ಒಂದು ಸಂಖ್ಯೆ, ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಸುತ್ತಲಿನ ಮಾತಿನಿಂದ ಊಹಿಸಿ ತಿಳಿಯುವಂಥದ್ದಲ್ಲ. ಯಂತ್ರ ಅಚ್ಚನ್ನು ಸರಿಯಾಗಿ ಇಳಿಸಿ, ಒಳಗಿನ ಜಾಗಗಳಲ್ಲಿ ಹೊಂದುವಂಥದ್ದನ್ನು ತುಂಬಿತು. ವರ್ಗೀಸ್ ತೀರ್ಪಿಗೆ ಫೆಡರಲ್ ರಿಪೋರ್ಟರ್ ಮೂರನೆಯ ಮಾಲೆಯ 925ನೆಯ ಸಂಪುಟ, 1339ನೆಯ ಪುಟ ಎಂದು ಬರೆಯಿತು. ಸಂಪುಟ ನಿಜವಾಗಿ ಇದೆ, ಪುಟವೂ ಇದೆ. ತೆರೆದು ನೋಡಿದರೆ ಅಲ್ಲಿರುವುದು 'ಜೆ.ಡಿ. ವಿರುದ್ಧ ಅಜರ್' ಎಂಬ, ಇದಕ್ಕೆ ಏನೇನೂ ಸಂಬಂಧವಿಲ್ಲದ ತೀರ್ಪು.

ಆ ಸುಳ್ಳು ತೀರ್ಪಿನ ಒಳಗನ್ನು ನ್ಯಾಯಾಧೀಶ ಕ್ಯಾಸ್ಟೆಲ್ ಸಾಲುಸಾಲಾಗಿ ಓದಿದರು. ಮೊದಲಿಗೆ ಸೂಸನ್ ವರ್ಗೀಸ್ ಎಂಬಾಕೆ, ಜಾರ್ಜ್ ಸ್ಕರಿಯಾ ವರ್ಗೀಸ್ ಎಂಬವರ ಸಾವಿಗೆ ಪರಿಹಾರ ಕೇಳಿ ದಾವೆ ಹೂಡಿದ ಕಥೆ. ಸ್ವಲ್ಪ ಮುಂದೆ ಹೋದರೆ ಕಕ್ಷಿದಾರರು ಅನೀಶ್ ವರ್ಗೀಸ್ ಆಗಿಬಿಡುತ್ತಾರೆ, ಅವರ ದೂರು ವಿಮಾನ ಹತ್ತಲು ಬಿಡಲಿಲ್ಲ, ಅದರಿಂದ ಖರ್ಚಾಯಿತು ಎಂಬುದು. ಸತ್ತವರ ಮಾತೇ ಇಲ್ಲ. ಮೇಲ್ನೋಟಕ್ಕೆ ಮಾತ್ರ ಭಾಷೆ ನ್ಯಾಯಾಲಯದ್ದೇ ಧಾಟಿ. ಒಂದೊಂದು ವಾಕ್ಯವೂ ತನ್ನ ಹಿಂದಿನ ವಾಕ್ಯಕ್ಕೆ ಹೊಂದುತ್ತದೆ, ಇಡೀ ಕಥೆಗೆ ಹೊಂದುವುದಿಲ್ಲ. ಮನುಷ್ಯ ಸುಳ್ಳು ತೀರ್ಪು ಸೃಷ್ಟಿಸಲು ಕೂತರೆ ಮೊದಲು ಕಥೆ ಕಟ್ಟಿಕೊಳ್ಳುತ್ತಾನೆ. ಇಲ್ಲಿ ಮೋಸ ಮಾಡುವ ಉದ್ದೇಶವೂ ಇರಲಿಲ್ಲ, ಮನಸ್ಸಿನಲ್ಲಿ ಕಥೆಯೂ ಇರಲಿಲ್ಲ.

ಇಂಥದ್ದು ನಮ್ಮಲ್ಲೂ ನಡೆದಿದೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್‌ನಲ್ಲಿ ಬಕೈ ಟ್ರಸ್ಟ್ ಎಂಬ ಸಂಸ್ಥೆಯ ಪ್ರಕರಣದಲ್ಲಿ ಕೊಟ್ಟ ಆದೇಶದಲ್ಲಿ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖ ಇದ್ದದ್ದು ಬೆಳಕಿಗೆ ಬಂತು. ಆದೇಶವನ್ನು ಹಿಂಪಡೆಯಬೇಕಾಯಿತು.

'ಇದು ನಿಜವೇ?' ಎಂದು ಅದನ್ನೇ ಕೇಳಿದರೆ

ಶ್ವಾರ್ಟ್ಜ್ ಅನುಮಾನವೇ ಪಡದೆ ಕೂತಿರಲಿಲ್ಲ. ವರ್ಗೀಸ್ ನಿಜವಾದ ಪ್ರಕರಣವೇ ಎಂದು ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ಹೌದು ಎಂದಿತು. ನಿನ್ನ ಮೂಲ ಯಾವುದು ಎಂದರು. ಗೊಂದಲಕ್ಕೆ ಕ್ಷಮೆ ಕೇಳಿ, ಇನ್ನೊಮ್ಮೆ ಪರಿಶೀಲಿಸಿದ್ದೇನೆ, ಪ್ರಕರಣ ಇದೆ, ವೆಸ್ಟ್‌ಲಾ, ಲೆಕ್ಸಿಸ್‌ನೆಕ್ಸಿಸ್ ಮುಂತಾದ ಕಾನೂನು ಭಂಡಾರಗಳಲ್ಲಿ ಸಿಗುತ್ತದೆ ಎಂದಿತು. ಉಳಿದ ಪ್ರಕರಣಗಳು ಸುಳ್ಳೇ ಎಂದಾಗ ಇಲ್ಲ, ಅವೂ ನಿಜ ಎಂದಿತು.

ಹೊಸಬರು ಬೀಳುವುದು ಇದೇ ಗುಂಡಿಗೆ. 'ಪರಿಶೀಲಿಸಿದ್ದೇನೆ' ಎಂದು ಯಂತ್ರ ಬರೆದಾಗ ಅದು ಏನನ್ನೂ ಪರಿಶೀಲಿಸಿರಲಿಲ್ಲ. ಆಗಿನ ಚಾಟ್‌ಜಿಪಿಟಿ ಆ ಭಂಡಾರಗಳ ಒಳಗೆ ಹೋಗುವ ದಾರಿಯೇ ಇರಲಿಲ್ಲ. 'ಮೂಲ ಯಾವುದು' ಎಂಬ ಪ್ರಶ್ನೆಯ ನಂತರ ಎಂಥ ಮಾತು ಬರುತ್ತದೆಯೋ ಅಂಥ ಮಾತನ್ನು ಬರೆಯಿತು, ಅಷ್ಟೆ. ಮೊದಲ ಉತ್ತರ ಹುಟ್ಟಿದ್ದು ಯಾವ ಕ್ರಮದಲ್ಲೋ ಎರಡನೆಯದೂ ಅದೇ ಕ್ರಮದಲ್ಲಿ ಹುಟ್ಟಿತು. ಹಾಗಾಗಿ ಎರಡನೆಯದು ಮೊದಲನೆಯದಕ್ಕೆ ಸಾಕ್ಷಿಯಾಗಲಾರದು.

ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಯಾವ ಉತ್ತರ ಮೇಲು ಎಂದು ಮನುಷ್ಯರಿಂದ ಹೇಳಿಸಿದರಲ್ಲ, ಮನುಷ್ಯರಿಗೆ ತಮ್ಮ ಮಾತಿಗೆ ತಲೆಯಾಡಿಸುವ ಉತ್ತರ ಇಷ್ಟವಾಗುತ್ತದೆ. ಯಂತ್ರ ಅದನ್ನೂ ಕಲಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಕಂಪನಿ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿದ ಕೆಲವೇ ದಿನಗಳಲ್ಲಿ ಹಿಂದೆ ತೆಗೆದುಕೊಂಡಿತು. ಬಳಸುವವರು ಏನೇ ಹೇಳಿದರೂ ಭೇಷ್ ಎಂದು ಹೊಗಳುತ್ತಿದೆ ಎಂಬುದೇ ಅದರ ಮೇಲಿದ್ದ ದೂರು. 'ಅಲ್ಲ, ನೀನು ಹೇಳಿದ್ದು ತಪ್ಪು' ಎಂದು ಗದರಿಸಿ ನೋಡಿ, ಸರಿಯಾದ ಉತ್ತರವನ್ನೂ ಕೈಬಿಟ್ಟು ಕ್ಷಮೆ ಕೇಳುವುದುಂಟು.

ಗೊತ್ತಿಲ್ಲ ಎಂದು ಸುಮ್ಮನಿರಬಾರದೇಕೆ? 2025ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಐಯ ಸಂಶೋಧಕರೇ ಬರೆದ ಪ್ರಬಂಧವೊಂದು ಇದಕ್ಕೆ ಉತ್ತರ ಹೇಳುತ್ತದೆ. ಮಾದರಿಗಳ ಸಾಮರ್ಥ್ಯ ಅಳೆಯುವ ಪರೀಕ್ಷೆಗಳಲ್ಲಿ ಹೆಚ್ಚಿನವು ಸರಿ ಉತ್ತರಕ್ಕೆ ಅಂಕ ಕೊಡುತ್ತವೆ, ತಪ್ಪು ಉತ್ತರಕ್ಕೂ 'ಗೊತ್ತಿಲ್ಲ' ಎಂದದ್ದಕ್ಕೂ ಒಂದೇ ಸೊನ್ನೆ. ನಮ್ಮ ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ ಎಂದು ಗೊತ್ತಿರುವ ಹುಡುಗ ಕೊನೆಯ ಐದು ನಿಮಿಷದಲ್ಲಿ ಖಾಲಿ ಇರುವ ಪ್ರಶ್ನೆಗಳಿಗೆಲ್ಲ ಗುಂಡು ತುಂಬಿ ಬರುತ್ತಾನಲ್ಲ, ಹಾಗೆ. ಊಹಿಸಿದವನಿಗೆ ಲಾಭ, ಸುಮ್ಮನಿದ್ದವನಿಗೆ ನಷ್ಟ. ಅದೇ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಆಡಂ ಕಲೈ ಅವರ ಪಿಎಚ್‌.ಡಿ. ಪ್ರಬಂಧದ ಹೆಸರೇನು ಎಂದು ಹೆಸರುವಾಸಿ ಚಾಟ್‌ಬಾಟ್ ಒಂದನ್ನು ಕೇಳಿದಾಗ ಮೂರು ಬೇರೆ ಬೇರೆ ಶೀರ್ಷಿಕೆ ಬಂತು, ಮೂರೂ ತಪ್ಪು.

ಈ ಪ್ರಸಂಗದಲ್ಲಿ ನಮಗೊಂದು ಉಪಾಯವಿದೆ. ಅನುಮಾನ ಬಂದಾಗ 'ನಿಜವೇ' ಎಂದು ಕೇಳಬೇಡಿ. ಹಳೆಯ ಮಾತುಕತೆ ಮುಚ್ಚಿ, ಹೊಸದು ತೆರೆದು, ಅದೇ ಪ್ರಶ್ನೆಯನ್ನು ಮೊದಲಿಂದ ಕೇಳಿ. ಹೆಸರು, ಇಸವಿ, ಸಂಖ್ಯೆ ಒಂದೊಂದು ಸಲ ಒಂದೊಂದಾಗಿ ಬಂದರೆ ಅದು ಊಹೆ ಎಂದೇ ತಿಳಿಯಿರಿ. ಹಲವು ಸಲವೂ ಒಂದೇ ಉತ್ತರ ಬಂದರೆ ನಿಜವೆಂದು ಅರ್ಥವಲ್ಲ, ತಪ್ಪು ಸಂಗತಿಯೇ ಎಲ್ಲೆಡೆ ಬರೆದಿದ್ದರೆ ಯಂತ್ರವೂ ತಪ್ಪನ್ನೇ ಮತ್ತೆ ಮತ್ತೆ ಹೇಳುತ್ತದೆ. ಮಾತುಕತೆ ಹೊಸದೇ ಆಗಿರಬೇಕು ಎಂದದ್ದಕ್ಕೆ ಕಾರಣವಿದೆ. ನಡೆಯುತ್ತಿರುವ ಮಾತುಕತೆಯಲ್ಲಿ ಪ್ರತಿ ಸಲ ನೀವು ಕೇಳಿದಾಗಲೂ ಹಿಂದಿನ ಪ್ರಶ್ನೋತ್ತರಗಳನ್ನೆಲ್ಲ ಸೇರಿಸಿಯೇ ಯಂತ್ರಕ್ಕೆ ಕೊಡಲಾಗುತ್ತದೆ. ತಾನು ಹಿಂದೆ ಬರೆದ ತಪ್ಪೂ ಅದಕ್ಕೆ ಬರಹವೇ, ಅದಕ್ಕೆ ಹೊಂದುವಂತೆಯೇ ಮುಂದಿನದನ್ನೂ ಬರೆಯುತ್ತದೆ.

ಈಗ ಹುಡುಕುತ್ತದೆಯಲ್ಲ?

2023ರ ನಂತರ ಬಹಳ ಬದಲಾಗಿದೆ. ಈಗಿನ ಚಾಟ್‌ಬಾಟ್‌ಗಳಿಗೆ ಸರ್ಚ್ ಎಂಜಿನ್ ಜೋಡಿಸಿದ್ದಾರೆ. ಪ್ರಶ್ನೆ ಕೇಳಿದಾಗ ಅಂತರಜಾಲದಲ್ಲಿ ಹುಡುಕಿ, ಸಿಕ್ಕ ಪುಟಗಳ ಬರಹವನ್ನು ನಿಮ್ಮ ಪ್ರಶ್ನೆಯ ಜೊತೆಗೆ ಮಾದರಿಯ ಮುಂದಿಡುತ್ತಾರೆ. ಮಾದರಿ ಅದನ್ನು ಓದಿಕೊಂಡು ಉತ್ತರ ಬರೆದು, ಕೆಳಗೆ ಕೊಂಡಿಗಳನ್ನೂ ಕೊಡುತ್ತದೆ. ತರಬೇತಿ ಮುಗಿದ ದಿನದ ನಂತರ ನಡೆದದ್ದು ಮಾದರಿಯ ಸಂಖ್ಯೆಗಳಲ್ಲಿ ಇರುವುದಿಲ್ಲ, ನಿನ್ನೆಯ ಸುದ್ದಿ ಅದಕ್ಕೆ ಸಿಗುವುದು ಹುಡುಕಾಟ ನಡೆದರೆ ಮಾತ್ರ.

ಇದರಿಂದ ತಪ್ಪುಗಳು ಕಡಿಮೆಯಾಗಿವೆ, ಇಲ್ಲವಾಗಿಲ್ಲ. ಹುಡುಕಾಟದಲ್ಲಿ ಸಿಕ್ಕ ಪುಟವೇ ತಪ್ಪಿರಬಹುದು. ಪುಟ ಸರಿಯಿದ್ದು, ಅದರಲ್ಲಿಲ್ಲದ ಮಾತನ್ನು ಯಂತ್ರ ಸೇರಿಸಿರಬಹುದು. ಸಾರಾಂಶ ಬರೆಯುವುದೂ ಮುಂದಿನ ಪದ ಬರೆಯುವ ಕೆಲಸವೇ ಅಲ್ಲವೇ. ಕೊಂಡಿ ಇದೆ ಎಂದಾಕ್ಷಣ ನಂಬುವ ಹಾಗಿಲ್ಲ. ಕೊಂಡಿ ಒತ್ತಿ, ಆ ಮಾತು ಅಲ್ಲಿ ಇದೆಯೇ ಎಂದು ಕಣ್ಣಾರೆ ನೋಡಬೇಕು. ಒತ್ತಿದರೆ ಪುಟವೇ ತೆರೆಯದಿದ್ದರೆ, ಅಥವಾ ತೆರೆದ ಪುಟದಲ್ಲಿ ಆ ಹೆಸರೋ ಸಂಖ್ಯೆಯೋ ಇಲ್ಲದಿದ್ದರೆ, ಉಳಿದ ಉತ್ತರವನ್ನೂ ಅನುಮಾನದಿಂದಲೇ ಓದುವುದು ಒಳ್ಳೆಯದು.

ಕನ್ನಡ ಅದಕ್ಕೆ ಹೇಗೆ ಕಾಣುತ್ತದೆ?

ಇದುವರೆಗೆ 'ಪದ' ಎಂದೆವು. ನಿಜವಾಗಿ ಯಂತ್ರ ನೋಡುವುದು ಪದವನ್ನೂ ಅಲ್ಲ, ಅಕ್ಷರವನ್ನೂ ಅಲ್ಲ, ಟೋಕನ್ ಎಂಬ ತುಂಡುಗಳನ್ನು. ತರಬೇತಿಗೆ ಮುಂಚೆಯೇ ಬರಹದಲ್ಲಿ ಹೆಚ್ಚು ಬಳಕೆಯಾಗುವ ತುಂಡುಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಒಂದು ಸಂಖ್ಯೆ ಕೊಡುತ್ತಾರೆ. ಜಿಪಿಟಿ-3ರ ಪಟ್ಟಿಯಲ್ಲಿ 50,257 ತುಂಡುಗಳಿದ್ದವು. ಅದರ ತರಬೇತಿಯ ಬರಹದಲ್ಲಿ ನೂರಕ್ಕೆ 93ರಷ್ಟು ಪದಗಳು ಇಂಗ್ಲಿಷಿನವು. ಹಾಗಾಗಿ ಸಾಮಾನ್ಯ ಇಂಗ್ಲಿಷ್ ಪದವೊಂದು ಇಡಿಯಾಗಿ ಒಂದೇ ತುಂಡಾಗುತ್ತಿತ್ತು. 'ಕಾವೇರಿ' ಎಂಬ ಪದವನ್ನು ತೆಗೆದುಕೊಳ್ಳಿ. ಕಂಪ್ಯೂಟರಿನ ಯುನಿಕೋಡ್‌ನಲ್ಲಿ ಅದು ಮೂರು ವ್ಯಂಜನ, ಮೂರು ಸ್ವರಚಿಹ್ನೆ, ಒಟ್ಟು ಆರು ಸಂಕೇತ. ಒಂದೊಂದು ಸಂಕೇತಕ್ಕೂ ಮೂರು ಬೈಟ್, ಅಲ್ಲಿಗೆ ಹದಿನೆಂಟು ಬೈಟ್. ಹಳೆಯ ಪಟ್ಟಿಯಲ್ಲಿ ಕನ್ನಡಕ್ಕೆಂದು ತುಂಡುಗಳೇ ಇಲ್ಲದಷ್ಟು ಕಡಿಮೆ ಇದ್ದುದರಿಂದ ಮೂರಕ್ಷರದ ಆ ಪದ ಅಕ್ಷರಕ್ಕಿಂತ ಚಿಕ್ಕ ಚೂರುಗಳಾಗಿ ಒಡೆಯುತ್ತಿತ್ತು. ಹೊಸ ಮಾದರಿಗಳ ಪಟ್ಟಿ ದೊಡ್ಡದಾಗಿದೆ, ಭಾರತೀಯ ಭಾಷೆಗಳಿಗೂ ಜಾಗ ಸಿಕ್ಕಿದೆ, ಅವುಗಳ ಕನ್ನಡವೂ ಸುಧಾರಿಸಿದೆ.

ಆದರೂ ತುಂಡು ನೋಡುವ ಯಂತ್ರಕ್ಕೆ ಅಕ್ಷರ ಎಣಿಸುವುದು ಕಷ್ಟ. ಪರೀಕ್ಷಿಸಬೇಕೆಂದರೆ ಭಾಮಿನಿ ಷಟ್ಪದಿಯಲ್ಲಿ ಒಂದು ಪದ್ಯ ಬರೆಸಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಎರಡೆರಡು ಸಲ ಬಂದು ಹದಿನಾಲ್ಕು ಮಾತ್ರೆಯಾಗಬೇಕು. ಮೂರು ಮತ್ತು ಆರನೆಯ ಸಾಲುಗಳಲ್ಲಿ ಮೂರು ಮೂರು ಸಲ ಬಂದು, ಕೊನೆಗೊಂದು ಗುರು ಸೇರಿ ಇಪ್ಪತ್ತಮೂರಾಗಬೇಕು. ನಿಯಮ ಏನು ಎಂದು ಕೇಳಿದರೆ ಯಂತ್ರ ಚೆನ್ನಾಗಿಯೇ ವಿವರಿಸಬಹುದು, ಅದರ ಬಗ್ಗೆ ವ್ಯಾಕರಣ ಪುಸ್ತಕಗಳಲ್ಲಿ ಬೇಕಾದಷ್ಟು ಬರೆದಿದೆ. ಬರೆದುಕೊಟ್ಟ ಪದ್ಯಕ್ಕೆ ನೀವೇ ಪ್ರಸ್ತಾರ ಹಾಕಿ ನೋಡಿದರೆ ಮಾತ್ರೆ ಎಲ್ಲಿ ಕೆಟ್ಟಿದೆ ಎಂದು ತಿಳಿಯುತ್ತದೆ. ನಿಯಮದ ಬಗ್ಗೆ ಬರೆಯುವುದು ಒಂದು, ನಿಯಮ ಪಾಲಿಸುವುದು ಇನ್ನೊಂದು ಎಂಬುದು ಇಲ್ಲಿ ಕಣ್ಣಿಗೆ ಕಾಣುವ ಹಾಗೆ ಸಾಬೀತಾಗುತ್ತದೆ.

ತಹಶೀಲ್ದಾರರಿಗೊಂದು ಅರ್ಜಿ

ಹಾಗಾದರೆ ಯಾವ ಕೆಲಸಕ್ಕೆ ನಂಬಬಹುದು? ಮನೆಯ ಕೆಲಸವೊಂದನ್ನೇ ತೆಗೆದುಕೊಳ್ಳೋಣ. ಪಹಣಿಯಲ್ಲಿ ಹೆಸರು ತಪ್ಪಾಗಿ ನಮೂದಾಗಿದೆ, ತಿದ್ದಿಕೊಡಿ ಎಂದು ತಹಶೀಲ್ದಾರರಿಗೆ ಅರ್ಜಿ ಬರೆಯಬೇಕು. ಊರು, ಹೋಬಳಿ, ಸರ್ವೆ ನಂಬರ್, ಈಗಿರುವ ಹೆಸರು, ಇರಬೇಕಾದ ಹೆಸರು, ಆಧಾರವಾಗಿ ಕೊಡುವ ದಾಖಲೆಗಳು, ಇವಿಷ್ಟನ್ನೂ ನೀವೇ ಬರೆದುಕೊಟ್ಟು ಅರ್ಜಿ ತಯಾರಿಸು ಎನ್ನಿ. 'ಇವರಿಗೆ', 'ವಿಷಯ', 'ಮಾನ್ಯರೇ', 'ತಮ್ಮ ವಿಶ್ವಾಸಿ' ಎಲ್ಲವೂ ಇರುವ, ಕಚೇರಿಗೆ ಒಪ್ಪುವ ಅರ್ಜಿ ಅರೆನಿಮಿಷದಲ್ಲಿ ಸಿಗುತ್ತದೆ. ಇದು ಅಚ್ಚಿನ ಕೆಲಸ, ಯಂತ್ರದ ಬಲವೇ ಇಲ್ಲಿದೆ. ಬೇಕಿದ್ದ ವಿವರವೆಲ್ಲ ನಿಮ್ಮ ಕೈಯಿಂದ ಹೋಗಿದೆ, ತಪ್ಪಾಗಿದ್ದರೆ ಓದಿದ ಕೂಡಲೇ ನಿಮಗೆ ಗೊತ್ತಾಗುತ್ತದೆ.

ಅದೇ ಅರ್ಜಿಯಲ್ಲಿ ನೀವು ಕೊಡದ ಸಾಲೊಂದು ಕಾಣಿಸಿಕೊಳ್ಳಬಹುದು: ಭೂ ಕಂದಾಯ ಕಾಯ್ದೆಯ ಇಂಥ ಕಲಂ ಪ್ರಕಾರ, ಇಂತಿಷ್ಟು ದಿನದೊಳಗೆ, ಇಷ್ಟು ಶುಲ್ಕ ಕಟ್ಟಿ ಎಂದು. ಅರ್ಜಿಗಳಲ್ಲಿ ಅಂಥ ಸಾಲು ಇರುವುದು ವಾಡಿಕೆ, ಆದ್ದರಿಂದ ಬಂದಿದೆ. ಕಲಂ ಸಂಖ್ಯೆ ಸರಿಯಿರಲೂಬಹುದು, ವರ್ಗೀಸ್ ತೀರ್ಪಿನ ಪುಟಸಂಖ್ಯೆಯ ಹಾಗಿರಲೂಬಹುದು. ಬರಹ ನೋಡಿ ಹೇಳಲಾಗುವುದಿಲ್ಲ, ಕಾಯ್ದೆಯ ಪುಸ್ತಕ ನೋಡಬೇಕು ಅಥವಾ ನಾಡಕಚೇರಿಯಲ್ಲಿ ವಿಚಾರಿಸಬೇಕು.

ನ್ಯಾಯಾಧೀಶ ಕ್ಯಾಸ್ಟೆಲ್ 2023ರ ಜೂನ್ 22ರಂದು ಮಾಟಾ ಪರ ವಕೀಲರಿಗೂ ಅವರ ಸಂಸ್ಥೆಗೂ ಒಟ್ಟು 5,000 ಡಾಲರ್ ದಂಡ ಹಾಕಿದರು. ಯಾರ ಹೆಸರಲ್ಲಿ ಸುಳ್ಳು ತೀರ್ಪು ಸೃಷ್ಟಿಯಾಗಿತ್ತೋ ಆ ನ್ಯಾಯಾಧೀಶರಿಗೆಲ್ಲ ಪತ್ರ ಬರೆದು ತಿಳಿಸಬೇಕೆಂದೂ ಆದೇಶಿಸಿದರು. ಎಐ ಬಳಸಿದ್ದೇ ತಪ್ಪೆಂದು ಅವರು ಹೇಳಲಿಲ್ಲ. ಸಲ್ಲಿಸುವ ದಾಖಲೆ ಸರಿಯಿದೆಯೇ ಎಂದು ನೋಡುವ ಹೊಣೆ ವಕೀಲರದ್ದು, ಅದನ್ನು ಕೈಬಿಟ್ಟದ್ದು ತಪ್ಪು ಎಂದರು. ಅರ್ಜಿಗೆ ಸಹಿ ಹಾಕುವ ಮುಂಚೆ ಪೆನ್ನು ಹಿಡಿದು, ನೀವು ಕೊಡದೇ ಬಂದ ಹೆಸರು, ಇಸವಿ, ಸಂಖ್ಯೆಗಳ ಕೆಳಗೆಲ್ಲ ಗೆರೆ ಎಳೆಯಿರಿ. ಗೆರೆ ಎಳೆದದ್ದನ್ನು ಬೇರೆ ಕಡೆ ನೋಡಿ ಖಾತ್ರಿ ಮಾಡಿಕೊಳ್ಳಿ, ಆಗದಿದ್ದರೆ ಆ ಸಾಲನ್ನೇ ಹೊಡೆದುಹಾಕಿ. ಕಲಂ ಸಂಖ್ಯೆ ಇಲ್ಲದ ಅರ್ಜಿಯನ್ನು ತಹಶೀಲ್ದಾರರು ಓದಿಯೇ ಓದುತ್ತಾರೆ.